ಎಳ್ಳ ಅಮಾಸಿಯಿಂದ ಐದು ಅಮಾಸಿ: ನಮ್ಮ ಆಡುಗಳ ಗಬ್ಬ ಮತ್ತು ಕೊನೆಯ ತಿಂಗಳ ಮೇವು

ಆಳಂದ ಕಡೆಯ ನಮ್ಮ ಊರಲ್ಲಿ ಆಡಿನ ಲೆಕ್ಕವನ್ನು ಅಮಾಸಿಯ ಮೇಲೆ ಇಡುತ್ತಾರೆ. ಐದು ಅಮಾಸಿ ಕಳೆದರೆ ಆಡು ಈಯುತ್ತದೆ. ಇದು ಅಂದಾಜಿನ ಮಾತಲ್ಲ. ಅಮಾಸಿಯಿಂದ ಅಮಾಸಿಗೆ ಇಪ್ಪತ್ತೊಂಬತ್ತೂವರೆ ದಿನ, ಐದಕ್ಕೆ 148 ದಿನದ ಹತ್ತಿರ. ಕುರಿಯ ಗಬ್ಬ ಸುಮಾರು 147 ದಿನ, ಆಡಿನದು 150. ನಮ್ಮ ಅತ್ತಿ ಕ್ಯಾಲೆಂಡರ್ ನೋಡದೆಯೇ ಈ ಲೆಕ್ಕ ತಪ್ಪದಂತೆ ಇಟ್ಟುಕೊಂಡು ಬಂದವರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಕಲಿತ ಮೊದಲ ಪಾಠ ಇದೇ.

ಈ ಲೆಕ್ಕ ಯಾವಾಗ ಈಯುತ್ತದೆ ಅನ್ನುವುದನ್ನು ಹೇಳುತ್ತದೆ, ಹೊಟ್ಟೆಯಲ್ಲಿ ಎಷ್ಟು ಮರಿ ಇವೆ ಅನ್ನುವುದನ್ನು ಹೇಳುವುದಿಲ್ಲ. ನಮ್ಮದು ಉಸ್ಮಾನಾಬಾದಿ ಆಡು, ಜೋಡಿ ಮರಿ ಹಾಕುವ ತಳಿ. ಒಂದು ಮರಿ ಹೊತ್ತದ್ದಕ್ಕೂ ಎರಡು ಹೊತ್ತದ್ದಕ್ಕೂ ಕೊನೆಯ ತಿಂಗಳಲ್ಲಿ ಒಂದೇ ಅಳತೆಯ ಕಾಳು ಹಾಕಿದರೆ ಇಬ್ಬರಿಗೂ ಕೇಡು. ಜೋಡಿ ಮರಿಯದು ಸೊರಗಿ ಬೀಳುತ್ತದೆ, ಒಂಟಿ ಮರಿಯದರ ಹೊಟ್ಟೆಯಲ್ಲಿ ಮರಿ ದಪ್ಪವಾಗಿ ಈಯುವಾಗ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಈ ಸಲ ಸ್ಕ್ಯಾನ್ ಮಾಡಿಸಿ ಗಬ್ಬ ನೋಡಿಸುವಾಗ ಮರಿಗಳನ್ನೂ ಎಣಿಸಿಯೇ ಬಿಡಬೇಕು ಅಂತ ಗಟ್ಟಿ ಮಾಡಿಕೊಂಡೆ. ಮನೆಯಲ್ಲಿ 24 ಹೆಣ್ಣಾಡು, 9 ಡೆಕ್ಕನಿ ಕುರಿ ಇದ್ದವು.

ಶುರುವಾದದ್ದು ಎಳ್ಳ ಅಮಾಸಿಗೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡು ಬಂದ ಸಂಜೆಯೇ ಹೋತನ್ನು ಹಿಂಡಿಗೆ ಬಿಟ್ಟೆವು. ಬಿಡುವ ಮುಂಚೆ ಅದರ ಎದೆಗೆ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿದ ಜಾಜು ಬಳಿದೆವು. ಹೋತು ಹಾರಿದ ಆಡಿನ ಬೆನ್ನ ಹಿಂಭಾಗಕ್ಕೆ ಕೆಂಪು ಹತ್ತುತ್ತದೆ. ದಿನಾ ಬೆಳಿಗ್ಗೆ ಹಿಂಡು ಬಿಡುವಾಗ ಯಾವುದಕ್ಕೆ ಹೊಸದಾಗಿ ಕೆಂಪು ಹತ್ತಿದೆ ಅಂತ ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ. ಆಡು ಬೆದೆಗೆ ಬರುವುದು 21 ದಿನಕ್ಕೊಮ್ಮೆ, ಕುರಿ 17 ದಿನಕ್ಕೊಮ್ಮೆ. ಅದಕ್ಕೆ ಮೂರು ವಾರ ಆದ ಮೇಲೆ ಜಾಜು ತೆಗೆದು ನೀಲಿ ಬಣ್ಣ ಹಚ್ಚಿದೆವು. ಕೆಂಪಿನ ಮೇಲೆ ನೀಲಿ ಬಿದ್ದರೆ ಮೊದಲ ಸಲ ಕಟ್ಟಿಲ್ಲ ಅಂತ ತಿಳಿಯುತ್ತದೆ. ಕುರಿಗಳಿಗೂ ಹೀಗೆಯೇ, ಅವುಗಳ ಟಗರಿಗೆ ಬಣ್ಣ ಬದಲಿಸಿದ್ದು ಹದಿನೇಳನೇ ದಿನಕ್ಕೆ.

ನೀಲಿ ಬೀಳದಿದ್ದರೆ ಗಬ್ಬ ಅಂತಲೇ ಅನ್ನುವುದು ನಮ್ಮ ಕಡೆಯ ನಂಬಿಕೆ. ಬಹುಪಾಲು ನಿಜವೂ ಹೌದು. ಆದರೆ ಆಡಿನಲ್ಲಿ ಇದಕ್ಕೊಂದು ತೊಡಕಿದೆ, ಮುಂದೆ ಬರುತ್ತದೆ.

ಅತ್ತಿಯ ಕೈ ಪರೀಕ್ಷೆಯ ಬಗ್ಗೆ ಹೇಳಲೇಬೇಕು. ನಾಲ್ಕನೇ ತಿಂಗಳು ತುಂಬುವ ಹೊತ್ತಿಗೆ, ನಸುಕಿನಲ್ಲಿ, ಆಡು ಇನ್ನೂ ಮೇಯದೆ ಹೊಟ್ಟೆ ಖಾಲಿ ಇರುವಾಗ ಅವರು ಹಿಂದಿನಿಂದ ಬಗ್ಗಿ ಎರಡೂ ಅಂಗೈಗಳನ್ನು ಕೆಚ್ಚಲಿನ ಮುಂದೆ ಹೊಟ್ಟೆಯ ಕೆಳಗೆ ಇಡುತ್ತಾರೆ. ಮೆಲ್ಲಗೆ ಮೇಲಕ್ಕೆತ್ತಿ ಸಡಿಲ ಬಿಡುತ್ತಾರೆ. ಒಳಗಿನ ನೀರಿನಲ್ಲಿ ಮೇಲೆ ಹೋದ ಮರಿ ಮರಳಿ ಬಂದು ಗಟ್ಟಿಯಾಗಿ ಅಂಗೈಗೆ ಬಡಿಯುತ್ತದೆ. ನನ್ನ ಕೈ ಹಿಡಿದು ಅಲ್ಲೇ ಇಡಿಸಿ, "ಬಡೀತಲ್ಲ? ಅದೇ ನೋಡು ತಲಿ" ಅಂದಿದ್ದರು ಒಂದು ಸಲ. ಗಬ್ಬವೋ ಅಲ್ಲವೋ ಅನ್ನುವುದಕ್ಕೆ ಆ ಕೈ ಸಾಕು. ಆದರೆ ಅದು ನೂರು ದಿನ ದಾಟಿದ ಮೇಲಿನ ಮಾತು, ಅಷ್ಟೊತ್ತಿಗೆ ಖಾಲಿ ಇರುವ ಆಡಿಗೆ ಮೂರು ತಿಂಗಳ ಮೇವು ತಿನ್ನಿಸಿ ಆಗಿರುತ್ತದೆ. ಬಡಿದದ್ದು ಒಂದು ಮರಿಯೋ ಎರಡೋ ಅನ್ನುವುದೂ ಕೈಗೆ ತಿಳಿಯುವುದಿಲ್ಲ.

ಸ್ಕ್ಯಾನ್ ಮಾಡಿಸಿದ್ದು ಹೋಳಿ ಹುಣ್ಣಿಮೆಯ ಸುಮಾರಿಗೆ, ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಯ ಗದ್ದಲ ಶುರುವಾಗುವ ಮುಂಚೆ. ಆ ಹೊತ್ತು ಆರಿಸಿದ್ದಕ್ಕೆ ಕಾರಣವಿದೆ. ಗಬ್ಬ ಇದೆಯೋ ಇಲ್ಲವೋ ಅನ್ನುವುದು ಮೂವತ್ತು-ಮೂವತ್ತೈದು ದಿನಕ್ಕೇ ಕಾಣುತ್ತದೆ. ಮರಿ ಎಣಿಸಬೇಕೆಂದರೆ 45ರಿಂದ 90 ದಿನದ ನಡುವೆ ನೋಡಬೇಕು. ಅದಕ್ಕೂ ಮುಂಚೆ ಒಂದರ ಮರೆಯಲ್ಲಿ ಇನ್ನೊಂದು ತಪ್ಪಿಹೋಗುತ್ತದೆ. ಆಮೇಲೆ ಮರಿ ಎಷ್ಟು ದೊಡ್ಡದಾಗಿರುತ್ತದೆ ಅಂದರೆ ಪರದೆಯಲ್ಲಿ ಒಂದು ಮರಿಯ ತುಣುಕು ಮಾತ್ರ ಹಿಡಿಯುತ್ತದೆ. ಹೋಳಿಗೆ ನಮ್ಮ ಕೆಂಪು ಬಣ್ಣದವಕ್ಕೆ ಎರಡೂವರೆ ತಿಂಗಳಾಗಿತ್ತು, ನೀಲಿಯವಕ್ಕೆ ಐವತ್ತು ದಿನ ದಾಟಿತ್ತು. ಎರಡೂ ಗುಂಪು ಒಂದೇ ದಿನಕ್ಕೆ ಸಿಕ್ಕವು.

ಹಿಂದಿನ ಸಂಜೆಯಿಂದಲೇ ಮೇವು ಬಂದ್ ಮಾಡಿದೆವು. ಹೊಟ್ಟೆ ತುಂಬ ಮೇವಿದ್ದರೆ ಗರ್ಭಚೀಲ ಕೆಳಗೆ ಒತ್ತಿ ಹೋಗುತ್ತದೆ, ಮೇವಿನ ಗಾಳಿ ಚಿತ್ರವನ್ನೂ ಕೆಡಿಸುತ್ತದೆ. ಡಾಕ್ಟರ್ ಬೀದರ್ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ಹೆಣ್ಣುಮಗಳು. ಬ್ಯಾಟರಿಯ ಸಣ್ಣ ಮಶೀನು ಕೊರಳಿಗೆ ಹಾಕಿಕೊಂಡು ಬಂದಿದ್ದರು. ಆಡನ್ನು ಮಲಗಿಸಲಿಲ್ಲ. ನಮ್ಮವರು ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿಕೊಂಡರು. ಡಾಕ್ಟರ್ ಬಲಗಡೆ, ಕೆಚ್ಚಲಿನ ಪಕ್ಕ ತೊಡೆ ಸೇರುವಲ್ಲಿ ಕೂದಲಿಲ್ಲದ ಚರ್ಮಕ್ಕೆ ಜೆಲ್ ಹಚ್ಚಿ, ಹಿಡಿಕೆಯನ್ನು ಒಳಗೆ ಮೇಲ್ಮುಖವಾಗಿ ಒತ್ತಿ ನಿಧಾನ ಹಿಂದೆ ಮುಂದೆ ಆಡಿಸಿದರು.

ನನ್ನನ್ನು ಪಕ್ಕಕ್ಕೆ ಕರೆದು ತೋರಿಸಿದರು. "ಕರೀದು ಕಾಣ್ತದಲ್ಲ, ಅದು ನೀರು. ಬೆಳ್ಳಗ ಹೊಳೀತಿರೋದು ಎಲುಬು. ಸುತ್ತ ಬೂದಿ ಬಣ್ಣದ್ದು ಹೂವು ನೋಡ್ರಿ, ಇಲ್ಲೇ ತಾಯಿಂದ ಮರಿಗೆ ಆಹಾರ ಹೋಗ್ತದ." ಆ ಹೂವುಗಳು ಕೋಡುಬಳೆಯ ಹಾಗೆ ದುಂಡಗೆ, ನಡುವೆ ಟೊಳ್ಳಾಗಿ ಕಂಡವು. ಅವುಗಳ ನಡುವೆ ಪಕ್ಕೆಲುಬಿನ ಬಿಳಿ ಗೆರೆಗಳ ಸಾಲು, ಅದರೊಳಗೆ ಮಿಣಿಮಿಣಿ ಮಿಡಿಯುವ ಎದೆ. ಎಣಿಸುವಾಗ ಅವರು ಕಾಲು-ಬೆನ್ನು ಬಿಟ್ಟು ತಲೆ ಹುಡುಕುತ್ತಿದ್ದರು. ಒಂದು ತಲೆ ಸಿಕ್ಕ ಮೇಲೆ ಹಿಡಿಕೆಯನ್ನು ಎತ್ತದೆ ತಿರುಗಿಸುತ್ತಾ ಹೋಗಿ ಎರಡನೆಯದು ಹುಡುಕುವುದು. ಎತ್ತಿ ಮತ್ತೆ ಇಟ್ಟರೆ ಅದೇ ಮರಿಯನ್ನು ಎರಡು ಸಲ ಎಣಿಸುವ ಸಂಭವ ಇದೆಯಂತೆ. ಮೂರು ಮರಿ ಇದ್ದರೆ ಪಕ್ಕಾ ಹೇಳುವುದು ಕಷ್ಟ ಅಂತಲೂ ಮೊದಲೇ ಹೇಳಿದರು.

ಕುರಿಗಳದು ಬೇಗ ಮುಗಿಯಿತು. ಡೆಕ್ಕನಿ ಕುರಿಯಲ್ಲಿ ಜೋಡಿ ಅಪರೂಪ, ಒಂಬತ್ತರಲ್ಲಿ ಎಂಟಕ್ಕೆ ಒಂದೊಂದು ಮರಿ, ಒಂದು ಖಾಲಿ. ಆಡುಗಳಲ್ಲಿ ಹನ್ನೊಂದಕ್ಕೆ ಜೋಡಿ, ಏಳಕ್ಕೆ ಒಂಟಿ, ನಾಲ್ಕು ಖಾಲಿ. ಹಳೆಯ ಕಪ್ಪಾಡಿನ ಹತ್ತಿರ ಡಾಕ್ಟರ್ ಬಹಳ ಹೊತ್ತು ನಿಂತು, "ಎರಡು ಖಂಡಿತ ಅವ, ಮೂರನೇದು ಇದ್ರೂ ಇರಬಹುದು, ಮೂರಂತ ಹಿಡೀರಿ" ಅಂದರು. ಅದರ ಕೊರಳಿಗೆ ಕೆಂಪು ದಾರ ಎರಡು ಸುತ್ತು ಕಟ್ಟಿದೆ. ಜೋಡಿಯವಕ್ಕೆ ಒಂದು ಸುತ್ತು, ಒಂಟಿಯವಕ್ಕೆ ಬಿಳಿ ದಾರ.

ಉಳಿದದ್ದು ಒಂದು. ಅದೇ ನಾನು ಹೇಳಿದ ತೊಡಕು. ಅದಕ್ಕೆ ಕೆಂಪು ಬಿದ್ದ ಮೇಲೆ ನೀಲಿ ಬಿದ್ದಿರಲಿಲ್ಲ, ಹೊಟ್ಟೆಯೂ ತುಂಬಿಕೊಂಡು ಬಂದಿತ್ತು. ನಾವೆಲ್ಲ ಗಬ್ಬ ಅಂತಲೇ ಇದ್ದೆವು. ಪರದೆಯಲ್ಲಿ ಕಂಡದ್ದು ಬರೀ ಕಪ್ಪು ನೀರು, ಅದರಲ್ಲಿ ತೆಳುವಾದ ಪರದೆಗಳು ತೇಲಾಡುತ್ತಿದ್ದವು. ಹೂವಿಲ್ಲ, ಎಲುಬಿಲ್ಲ, ಮಿಡಿತವಿಲ್ಲ. ಸುಳ್ಳು ಗಬ್ಬ. ಗರ್ಭಚೀಲದಲ್ಲಿ ನೀರು ಸೇರಿ, ಆಡಿನ ಮೈ ತಾನು ಗಬ್ಬ ಇದ್ದೇನೆ ಅಂತಲೇ ನಡೆದುಕೊಳ್ಳುತ್ತದೆ, ಬೆದೆಗೆ ಬರುವುದಿಲ್ಲ. ಬಿಟ್ಟರೆ ಐದು ತಿಂಗಳಿಗೋ ಯಾವಾಗಲೋ ನೀರು ಸುರಿದು ಹೋಗುತ್ತದೆ, ಮರಿ ಇರುವುದಿಲ್ಲ. ಇದಕ್ಕೆ ಇಂಜೆಕ್ಷನ್ ಇದೆ, ಆ ನೀರು ಹೊರಹಾಕಿಸುತ್ತದೆ. ಆದರೆ ಅದೇ ಇಂಜೆಕ್ಷನ್ ನಿಜವಾದ ಗಬ್ಬದ ಆಡಿಗೆ ಬಿದ್ದರೆ ಮರಿ ಹೋಗುತ್ತದೆ. ಸ್ಕ್ಯಾನ್ ಇಲ್ಲದೆ ಯಾರಾದರೂ ಈ ಇಂಜೆಕ್ಷನ್ ಹಾಕುತ್ತೇನೆ ಅಂದರೆ ಬೇಡ ಅನ್ನಿ.

ಇನ್ನು ಮೇವಿನ ಮಾತು. ಮೊದಲ ಮೂರು ತಿಂಗಳು ಗಬ್ಬದ ಆಡಿಗೆ ವಿಶೇಷವೇನೂ ಬೇಕಾಗಲಿಲ್ಲ. ತೊಗರಿ ರಾಶಿ ಆದ ಹೊಲಗಳಲ್ಲಿ ಉದುರಿದ್ದು ತಿಂದವು, ಮನೆಗೆ ಬಂದರೆ ತೊಗರಿ ಹೊಟ್ಟು, ಕಡಲಿ ಹೊಟ್ಟು ಇತ್ತು. ಹುಟ್ಟುವ ಮರಿಯ ತೂಕದಲ್ಲಿ ಸುಮಾರು 70 ಭಾಗ ಬೆಳೆಯುವುದು ಕೊನೆಯ ಆರು ವಾರದಲ್ಲಿ. ನಮ್ಮ ಲೆಕ್ಕದಲ್ಲಿ ಆ ಆರು ವಾರ ಹನುಮ ಜಯಂತಿಗೆ ಶುರುವಾಗುತ್ತದೆ, ಕೊನೆಯ ತಿಂಗಳು ಬಸವ ಜಯಂತಿಗೆ. ಅಂದರೆ ಸುಡು ಬಿಸಿಲಿಗೆ. ಹೊಲದಲ್ಲಿ ಕಡ್ಡಿ ಉಳಿದಿರುವುದಿಲ್ಲ, ಹನ್ನೊಂದಕ್ಕೆಲ್ಲ ನೆಲ ಕಾದು ಆಡು ನೆರಳು ಬಿಟ್ಟು ಕದಲುವುದಿಲ್ಲ. ಹೊಟ್ಟೆಯೊಳಗೆ ಮರಿಗಳು ಜಾಗ ಹಿಡಿದು ಮೇವಿನ ಚೀಲವನ್ನು ಒತ್ತುತ್ತವೆ. ಬೇಕಾದದ್ದು ಹೆಚ್ಚು, ಹಿಡಿಯುವ ಜಾಗ ಕಡಿಮೆ. ಆಗ ಬುಟ್ಟಿಗಟ್ಟಲೆ ಹೊಟ್ಟು ಸುರಿದರೆ ಆಡು ಹೊಟ್ಟೆ ತುಂಬಿಯೂ ಉಪವಾಸ ಇರುತ್ತದೆ. ಕಡಿಮೆ ಜಾಗದಲ್ಲಿ ಹೆಚ್ಚು ಸತ್ವ ಹಿಡಿಯುವುದು ಕಾಳು, ಹಿಂಡಿ.

ನಾವು ಕಲಸಿದ್ದು ಹೀಗೆ. ನೂರು ಕಿಲೋಗೆ ಜೋಳದ ನುಚ್ಚು 45, ಕಲಬುರಗಿ ದಾಲ್ ಮಿಲ್ಲಿನಿಂದ ತಂದ ತೊಗರಿ ಚುನ್ನಿ 27, ಶೇಂಗಾ ಹಿಂಡಿ 15, ಗೋಧಿ ತೌಡು 10, ಖನಿಜ ಮಿಶ್ರಣ 2, ಉಪ್ಪು 1. ತೊಗರಿ ನಾಡಲ್ಲಿ ಚುನ್ನಿ ಸುಲಭಕ್ಕೆ ಸಿಗುತ್ತದೆ, ನುಚ್ಚು ಸ್ವಂತ ಹೊಲದ್ದು. ಶೇಂಗಾ ಹಿಂಡಿಯಲ್ಲಿ ಬೂಷ್ಟು ವಾಸನೆ ಬಂದರೆ ಮಾತ್ರ ಯಾವ ಕಾರಣಕ್ಕೂ ಹಾಕಬಾರದು, ಗಬ್ಬದ ಆಡಿಗಂತೂ ಆ ಬೂಷ್ಟು ವಿಷ.

ಹನುಮ ಜಯಂತಿಯಿಂದ ಕೆಂಪು ದಾರದವಕ್ಕೆ ದಿನಕ್ಕೆ 100 ಗ್ರಾಂ ಶುರು ಮಾಡಿ, ಮೂರ್ನಾಲ್ಕು ದಿನಕ್ಕೊಮ್ಮೆ ಐವತ್ತರಂತೆ ಏರಿಸುತ್ತಾ ಬಂದೆ. ಬಸವ ಜಯಂತಿಗೆ 300 ಗ್ರಾಂ ಮುಟ್ಟಿತು, ಅದಾದ ಒಂದು ವಾರಕ್ಕೆ 400. ಎರಡು ಹೊತ್ತು ಹಂಚಿ, ಒಂದು ಹೊತ್ತಿಗೆ 200 ಗ್ರಾಮಿನ ಮೇಲೆ ಹೋಗಲಿಲ್ಲ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆಯಲ್ಲಿ ಹುಳಿಯಾಗಿ ಆಡು ಉಬ್ಬಿ, ಭೇದಿ ಹತ್ತಿ, ತಿನ್ನುವುದನ್ನೇ ಬಿಡುತ್ತದೆ. ಜೋಡಿ ಮರಿಯ ತಾಯಿ ಎರಡು ದಿನ ತಿನ್ನದಿದ್ದರೆ ಏನಾಗುತ್ತದೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಬಿಳಿ ದಾರದ ಒಂಟಿ ಮರಿಯವಕ್ಕೆ ಕೊನೆಯ ತಿಂಗಳಲ್ಲಿ 200 ಗ್ರಾಂ, ಕುರಿಗಳಿಗೆ 150. ಬಸವ ಜಯಂತಿಯ ದಿನವೇ ಎರಡು ಗುಂಪನ್ನು ಬೇರೆ ಬೇರೆ ಕಟ್ಟೆಯಲ್ಲಿ ಹಾಕಿದೆವು. ಕೂಡಿ ಬಿಟ್ಟರೆ ಜೋರಿನ ಆಡು ಬಡವೆಯ ಪಾಲನ್ನೂ ನುಂಗುತ್ತದೆ. ಕರುಳು ಬೇನೆಯ ಲಸಿಕೆಯನ್ನೂ ಆ ವಾರವೇ ಹಾಕಿಸಿದೆವು, ತಾಯಿಯ ಗಿಣ್ಣದ ಹಾಲಿನಿಂದ ಮರಿಗೂ ರಕ್ಷಣೆ ಸಿಗಲಿ ಅಂತ.

ಹಾಕಿದ್ದು ಸಾಲುತ್ತಿದೆಯೋ ಇಲ್ಲವೋ ಅನ್ನುವುದನ್ನು ಹೊಟ್ಟೆ ನೋಡಿ ಹೇಳಲಾಗದು, ಗಬ್ಬದ ಹೊಟ್ಟೆ ಹೇಗೂ ದಪ್ಪ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಬೆರಳಿಟ್ಟು ಬೆನ್ನೆಲುಬು ಒತ್ತಿ ನೋಡಬೇಕು. ಎಲುಬಿನ ತುದಿ ಚೂಪಾಗಿ ಬೆರಳಿಗೆ ಚುಚ್ಚಿದರೆ ಬಡಕಲು, ಒತ್ತಿದರೂ ಎಲುಬೇ ಸಿಗದಿದ್ದರೆ ಕೊಬ್ಬು ಹೆಚ್ಚು. ಮೆತ್ತಗಿನ ಹೊದಿಕೆಯ ಕೆಳಗೆ ದುಂಡಗೆ ಸಿಗಬೇಕು. ಕಪ್ಪಾಡು ನಮ್ಮಲ್ಲಿ ಎಲ್ಲಕ್ಕಿಂತ ವಯಸ್ಸಾದದ್ದು, ಅದರ ಎಲುಬು ಸ್ವಲ್ಪ ಚೂಪಾಗಿಯೇ ಇತ್ತು. ಅದಕ್ಕೆ 500 ಗ್ರಾಂ, ಮೂರು ಹೊತ್ತು ಮಾಡಿ ಹಾಕುತ್ತಿದ್ದೆ.

ಈಯುವುದಕ್ಕೆ ಹತ್ತು-ಹನ್ನೆರಡು ದಿನ ಇರುವಾಗ, ಮೂರು ದಿನ ಸುಡುಗಾಳಿ ಬೀಸಿತು. ಮಾರನೆಯ ಬೆಳಿಗ್ಗೆ ಕಾಳಿನ ಡಬ್ಬಿ ಸದ್ದಾದರೂ ಕಪ್ಪಾಡು ಓಡಿ ಬರಲಿಲ್ಲ. ಕೊನೆಗೆ ಬಂತು, ಕಾಳು ಮೂಸಿತು, ಮುಖ ತಿರುಗಿಸಿತು. ಬೇವಿನ ಸೊಪ್ಪು ಕೊಟ್ಟರೆ ಎರಡೆಲೆ ಕಚ್ಚಿತು. ಸಂಜೆಗೆ ಮೂಲೆಯಲ್ಲಿ ಒಂಟಿಯಾಗಿ ನಿಂತು ಹಲ್ಲು ಕಡಿಯುತ್ತಿತ್ತು. ಕಾಳು ಬಿಟ್ಟು ಸೊಪ್ಪು, ಸೊಪ್ಪು ಬಿಟ್ಟು ಏನೂ ಬೇಡ ಅನ್ನುವ ಈ ಕ್ರಮವನ್ನೇ ಡಾಕ್ಟರ್ ಮೊದಲೇ ಹೇಳಿಟ್ಟಿದ್ದರು. ಮೂತ್ರ ಪರೀಕ್ಷೆಯ ಪಟ್ಟಿಯನ್ನೂ ತರಿಸಿ ಇಡಿಸಿದ್ದರು. ಸಕ್ಕರೆ ಕಾಯಿಲೆಯವರು ಕೀಟೋನ್ ನೋಡಿಕೊಳ್ಳುವ ಪಟ್ಟಿ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮಲಗಿದ ಆಡನ್ನು ಎಬ್ಬಿಸಿದರೆ ಎದ್ದ ಕೂಡಲೇ ಉಚ್ಚೆ ಹೊಯ್ಯುತ್ತದೆ, ಆಗ ಹಿಡಿಯಬೇಕು. ಕುರಿಯಾದರೆ ಮೂಗಿನ ಹೊಳ್ಳೆಗಳನ್ನು ಕೆಲವು ಕ್ಷಣ ಮುಚ್ಚಿ ಹಿಡಿದರೆ ಹೊಯ್ಯುತ್ತದೆ. ಪಟ್ಟಿ ಅದ್ದಿ ನೋಡಿದೆ. ತಿಳಿ ಬಣ್ಣದ ತುದಿ ಹದಿನೈದು ಸೆಕೆಂಡಿಗೆ ಗಾಢ ನೇರಳೆ ಆಯಿತು, ಅಂದರೆ ಕೀಟೋನ್ ಬಹಳ ಏರಿತ್ತು.

ಆಗುವುದು ಇಷ್ಟು. ಮರಿಗಳು ತಾಯಿಯ ರಕ್ತದ ಸಕ್ಕರೆಯನ್ನು ಬಿಡದೆ ಎಳೆದುಕೊಳ್ಳುತ್ತವೆ. ತಿಂದದ್ದು ಸಾಲದೆ ಹೋದಾಗ ತಾಯಿ ಮೈಯ ಕೊಬ್ಬನ್ನು ಕರಗಿಸುತ್ತದೆ. ಆ ಕೊಬ್ಬೆಲ್ಲ ಒಮ್ಮೆಲೇ ಪಿತ್ತಜನಕಾಂಗಕ್ಕೆ ಬಂದು, ಅಲ್ಲಿಂದ ಕೀಟೋನ್ ಹೊರಬಿದ್ದು ರಕ್ತದಲ್ಲಿ ಸೇರುತ್ತದೆ. ಕೀಟೋನ್ ಏರಿದಷ್ಟೂ ಹಸಿವು ಇಂಗುತ್ತದೆ, ಹಸಿವು ಇಂಗಿದಷ್ಟೂ ಕೊಬ್ಬು ಕರಗುತ್ತದೆ. ಬಿಟ್ಟರೆ ಕಣ್ಣು ಕಾಣದಂತಾಗಿ, ತಲೆಯನ್ನು ಗೋಡೆಗೆ ಒತ್ತಿ ನಿಂತು, ಕೊನೆಗೆ ನೆಲ ಹಿಡಿಯುತ್ತದೆ. ನೆಲ ಹಿಡಿದ ಮೇಲೆ ಉಳಿಯುವುದು ಕಡಿಮೆ. ಮೈತುಂಬ ಕೊಬ್ಬಿರುವ ಆಡಿಗೂ ಇದು ಬರುತ್ತದೆ, ಬಡಕಲಿಗೆ ಮಾತ್ರ ಅಂತ ತಿಳಿಯಬಾರದು.

ಅತ್ತಿ ಬೆಲ್ಲದ ನೀರು ಕುಡಿಸೋಣ ಅಂದರು. ಫೋನಿನಲ್ಲಿ ಕೇಳಿದೆ. "ಬೆಲ್ಲ ಹೊಟ್ಟ್ಯಾಗೇ ಹುಳಿತು ಹೋಗ್ತದ್ರಿ ಅಮ್ಮಾ, ರಕ್ತಕ್ಕ ಸಕ್ಕರಿ ಆಗಿ ಮುಟ್ಟಂಗಿಲ್ಲ" ಅಂದರು ಡಾಕ್ಟರ್. ಮನೆಯಲ್ಲಿ ಇಟ್ಟಿದ್ದ ಪ್ರೊಪಿಲೀನ್ ಗ್ಲೈಕಾಲ್ 60 ಎಂ.ಎಲ್. ಕುಡಿಸಲು ಹೇಳಿದರು. ಅದರ ಒಂದು ಪಾಲು ನೇರ ರಕ್ತಕ್ಕೆ ಸೇರಿ, ಪಿತ್ತಜನಕಾಂಗದಲ್ಲಿ ಸಕ್ಕರೆಯಾಗುತ್ತದೆ. ಕುಡಿಸುವಾಗ ತಲೆ ಮೇಲೆತ್ತಬಾರದು, ಬೆನ್ನಿನ ಮಟ್ಟಕ್ಕಿಂತ ತುಸು ಮೇಲೆ ಇದ್ದರೆ ಸಾಕು. ಬಾಯಿಯ ಪಕ್ಕದಿಂದ ಸಿರಿಂಜು ಇಟ್ಟು, ಗುಟುಕು ನುಂಗಲು ಬಿಟ್ಟು ಬಿಟ್ಟು ಹಾಕಿದೆ. ಅವಸರ ಮಾಡಿದರೆ ಪುಪ್ಪುಸಕ್ಕೆ ಹೋಗುತ್ತದೆ. ರಾತ್ರಿಯೇ ಡಾಕ್ಟರ್ ಬಂದು ನರಕ್ಕೆ ಗ್ಲೂಕೋಸ್, ಚರ್ಮದ ಕೆಳಗೆ ಕ್ಯಾಲ್ಸಿಯಂ ಕೊಟ್ಟರು. ಕ್ಯಾಲ್ಸಿಯಂ ಕೊರತೆಯೂ ಇದೇ ಹೊತ್ತಿನಲ್ಲಿ, ಹೀಗೆಯೇ ಕಾಣುತ್ತದೆ, ಎಷ್ಟೋ ಸಲ ಎರಡೂ ಕೂಡಿಯೇ ಇರುತ್ತವೆ. ಮೂರು ದಿನ ಬೆಳಿಗ್ಗೆ-ಸಂಜೆ ಗ್ಲೈಕಾಲ್ ಮುಂದುವರಿಸಿ, ಸುಬಾಬುಲ್ ಸೊಪ್ಪನ್ನು ಕೈಯಿಂದಲೇ ತಿನ್ನಿಸಿದೆ. ಹಗಲು ಒದ್ದೆ ಗೋಣಿಚೀಲ ಇಳಿಬಿಟ್ಟ ನೆರಳಲ್ಲಿ ಕಟ್ಟಿದೆವು. ಮೇಲೇಳದೆ ಹೋದರೆ ಇಂಜೆಕ್ಷನ್ ಕೊಟ್ಟು ಬೇಗ ಈಯಿಸುವುದೋ, ಹೊಟ್ಟೆ ಕೊಯ್ಯುವುದೋ ಅಂತ ಡಾಕ್ಟರ್ ನಮ್ಮವರ ಜೊತೆ ಮಾತಾಡಿಯೂ ಇಟ್ಟಿದ್ದರು. ಆ ಹಂತ ಬರಲಿಲ್ಲ. ಮೂರನೆಯ ದಿನ ಪಟ್ಟಿ ತಿಳಿ ಗುಲಾಬಿಗೆ ಇಳಿಯಿತು, ನಾಲ್ಕನೆಯ ಬೆಳಿಗ್ಗೆ ಅದು ಕಾಳಿಗೆ ಬಾಯಿ ಹಾಕಿತು.

ಈದದ್ದು ಮೂರು: 1.9 ಕಿಲೋ, 1.7, 1.4. ಕೊನೆಯದು ನಿಲ್ಲಲಾರದೆ ಹೋದದ್ದಕ್ಕೆ ಅದರ ತಾಯಿಯ ಗಿಣ್ಣವನ್ನೇ ಹಿಂಡಿ, ಒಂದು ತಾಸಿನೊಳಗೆ ಬಾಟಲಿಯಲ್ಲಿ ಕುಡಿಸಿದೆ. ಜೋಡಿ ಹೊತ್ತ ಹನ್ನೊಂದೂ ಜೋಡಿಯನ್ನೇ ಹಾಕಿದವು, ಸ್ಕ್ಯಾನಿನ ಎಣಿಕೆ ತಪ್ಪಲಿಲ್ಲ. ಒಂಟಿ ಮರಿಯ ಆಡುಗಳಲ್ಲಿ ಒಂದಕ್ಕೆ ಮಾತ್ರ ಕಾಲು ಹಿಡಿದು ಎಳೆಯಬೇಕಾಯಿತು. ಖಾಲಿ ಇದ್ದ ನಾಲ್ಕರಲ್ಲಿ ಎರಡನ್ನು ಸಂತೆಗೆ ಕಳಿಸಿದ್ದೆವು, ಉಳಿದೆರಡನ್ನೂ ನೀರು ಇಳಿದ ಆಡನ್ನೂ ಹೋತಿಗೆ ಬಿಟ್ಟಿದ್ದೆವು. ಅವುಗಳನ್ನು ಈಗ ಮತ್ತೆ ಸ್ಕ್ಯಾನ್ ಮಾಡಿಸಬೇಕಿದೆ. ಕಪ್ಪಾಡಿನ ಕಾಳನ್ನು ಈದ ಮೇಲೂ ಇಳಿಸಿಲ್ಲ, ಮೂರು ಮರಿಗೆ ಹಾಲು ಕೊಡುವಾಗ ಅದಕ್ಕೆ ಬೇಕಾಗುವುದು ಗಬ್ಬದಲ್ಲಿದ್ದಾಗಿನದಕ್ಕಿಂತ ಹೆಚ್ಚು. ಮುಂದಿನ ಸಲ ಹೋತು ಬಿಡುವ ಮುಂಚೆ ಅದರ ಬೆನ್ನು ಮುಟ್ಟಿ ನೋಡುತ್ತೇನೆ. ಎಲುಬು ಇನ್ನೂ ಚೂಪಾಗಿಯೇ ಇದ್ದರೆ ಆ ಸಲ ಅದನ್ನು ಕಟ್ಟಿಸುವುದಿಲ್ಲ.